ಮೂಲೆಯಲ್ಲೊಂದು ಪುಟ್ಟ M

ದಿನಸಿ ಚೀಟಿ ಮುಂದಿಟ್ಟುಕೊಂಡು ಲೆಕ್ಕ ಹಾಕುವವರನ್ನು ಗಮನಿಸಿ. ಅಕ್ಕಿ 5 ಕಿಲೋ, ದರ 62 ರೂಪಾಯಿ. ಗುಣಿಸಿ 310 ಎಂದು ಪಕ್ಕದಲ್ಲಿ ಬರೆಯುತ್ತಾರೆ. ಆಮೇಲೆ ಬೇಳೆ, ಎಣ್ಣೆ, ಸೋಪು. ಎಲ್ಲ ಬರೆದಾದ ಮೇಲೆ ಅದೇ ಮೊತ್ತಗಳನ್ನು ಮತ್ತೆ ಒತ್ತಿ ಕೂಡುತ್ತಾರೆ. ಕೀಲಿಗಳ ಸಾಲಿನಲ್ಲಿ M+ ಸುಮ್ಮನೆ ಕೂತಿರುತ್ತದೆ.

ಬರೆಯದೆ ಒಂದೇ ಉಸಿರಿಗೆ ಒತ್ತಿಬಿಡಬಹುದಲ್ಲ ಎಂದರೆ ಅದೂ ಆಗದು. ಸಾಧಾರಣ ಕ್ಯಾಲ್ಕುಲೇಟರಿಗೆ ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ಶಾಲೆಯ ನಿಯಮ ಗೊತ್ತಿಲ್ಲ. ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತಾ ಹೋಗುತ್ತದೆ. `5 × 62 + 2 × 165 =` ಒತ್ತಿದರೆ 640 ಬರಬೇಕು. ಅದು 310ಕ್ಕೆ 2 ಸೇರಿಸಿ, ಬಂದ 312ನ್ನು 165ರಿಂದ ಗುಣಿಸಿ 51480 ತೋರಿಸುತ್ತದೆ. ಇಷ್ಟು ದೊಡ್ಡ ತಪ್ಪಾದರೆ ಕಣ್ಣಿಗೆ ಬೀಳುತ್ತದೆ, ಪುಣ್ಯ.

M+ ಇರುವುದೇ ಇದಕ್ಕೆ. `5 × 62` ಒತ್ತಿ, = ಬದಲು M+ ಒತ್ತಿ. 310 ಪರದೆಯಲ್ಲಿ ಕಾಣುತ್ತದೆ, ಒಳಗಿನ ಡಬ್ಬಿಗೂ ಬೀಳುತ್ತದೆ. ಮೂಲೆಯಲ್ಲಿ ಪುಟ್ಟ M ಮೂಡುತ್ತದೆ. ಬೇಳೆಗೆ `2 × 165 M+`, ಎಣ್ಣೆಗೆ `3 × 148 M+`, ಸೋಪಿಗೆ `4 × 38 M+`. ಕೊನೆಗೆ MRC ಒಮ್ಮೆ ಒತ್ತಿದರೆ 1236. ಎಣ್ಣೆಯ ಒಂದು ಪ್ಯಾಕೆಟ್ ವಾಪಸು ಕೊಟ್ಟಿರಾ? `148 M−` ಒತ್ತಿ, ಮತ್ತೆ MRC: 1088. ಕೆಲವು ಯಂತ್ರಗಳಲ್ಲಿ MRC ಬದಲು MR, MC ಎಂದು ಎರಡು ಕೀಲಿ ಇರುತ್ತವೆ. ಮೊದಲನೆಯದು ಮೊತ್ತ ತೋರಿಸುತ್ತದೆ, ಎರಡನೆಯದು ಅಳಿಸುತ್ತದೆ.

ಎಡವುವುದು ಹೆಚ್ಚಾಗಿ ಶುರುವಿನಲ್ಲೇ. AC ಒತ್ತಿದರೆ ಎಲ್ಲ ಹೋಯಿತು ಎಂದುಕೊಳ್ಳುತ್ತೇವೆ. ಬಹುತೇಕ ಯಂತ್ರಗಳಲ್ಲಿ ಅದು ಪರದೆಯನ್ನಷ್ಟೇ ಒರೆಸುತ್ತದೆ. ಡಬ್ಬಿಯಲ್ಲಿ ನಿನ್ನೆಯ 1088 ಹಾಗೇ ಕೂತಿರುತ್ತದೆ, ಇಂದಿನ ಲೆಕ್ಕ ಅದರ ಮೇಲೇ ಏರುತ್ತದೆ. ಮೂಲೆಯಲ್ಲಿ M ಕಂಡರೆ MRC ಬೆನ್ನುಬೆನ್ನಿಗೆ ಎರಡು ಸಲ ಒತ್ತಿ, ಆಮೇಲೆ AC. M ಮಾಯವಾದ ಮೇಲೆಯೇ ಲೆಕ್ಕ ಶುರು ಮಾಡಿ. ಇದೇ ಗುಣ ನಡುದಾರಿಯಲ್ಲಿ ಕೈಕೊಡುವುದೂ ಉಂಟು: ಈವರೆಗಿನ ಮೊತ್ತ ನೋಡಲು ಹೋಗಿ MRC ಎರಡು ಸಲ ತಾಗಿಸಿದರೆ ಅರ್ಧ ತಾಸಿನ ಶ್ರಮ ಮಣ್ಣುಪಾಲು. ಉದ್ದ ಪಟ್ಟಿಯಾದರೆ ಪ್ರತಿ ಪುಟದ ಕೊನೆಗೆ ಒಮ್ಮೆ MRC ಒತ್ತಿ, ಬಂದ ಮೊತ್ತವನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ರೂಢಿ.

ಇನ್ನೊಂದು, ಬೆರಳು ಜಾರಿ M+ ಎರಡು ಸಲ ಬಿದ್ದರೆ 310 ಎರಡು ಸಲ ಸೇರಿರುತ್ತದೆ. ಪರದೆಯಲ್ಲಿ ಅದೇ ಸಂಖ್ಯೆ ಇರುವಾಗಲೇ ಗೊತ್ತಾದರೆ M− ಒಮ್ಮೆ ಒತ್ತಿದರಾಯಿತು. ಗೊತ್ತಾಗದೇ ಹೋದರೆ ಯಂತ್ರ ಹೇಳಿಕೊಡುವುದಿಲ್ಲ. ಡಬ್ಬಿಯಲ್ಲಿರುವುದು ಬರೀ ಮೊತ್ತ, ಯಾವ ಸಾಮಾನು ಸೇರಿತು ಎಂಬ ನೆನಪಲ್ಲ. ಆದ್ದರಿಂದ ಒಂದೊಂದು M+ಗೂ ಚೀಟಿಯಲ್ಲಿ ಒಂದು ಗೀಟು ಹಾಕಿ, ಮುಗಿದ ಮೇಲೆ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿ ನೋಡಿ.