ಗೋದಾಮು ತುಂಬಿದೆ, ಗಲ್ಲಾ ಬರಿದಾಗಿದೆ

ಮಾರ್ಚ್ ಕೊನೆಯ ವಾರ ಮಂಡ್ಯದ್ದೋ ಬೆಳಗಾವಿಯದ್ದೋ ಒಂದು ಸಕ್ಕರೆ ಕಾರ್ಖಾನೆಯ ಗೋದಾಮಿಗೆ ಕಾಲಿಟ್ಟರೆ ಸೂರಿನವರೆಗೆ ಸಕ್ಕರೆ ಮೂಟೆಗಳ ಅಟ್ಟಿ ಕಾಣುತ್ತದೆ. ಅದೇ ಹೊತ್ತಿಗೆ ಗೇಟಿನ ಹೊರಗೆ ಕಬ್ಬಿನ ಬಾಕಿ ಕೇಳುವ ರೈತರು ನಿಂತಿರಬಹುದು. ಲೆಕ್ಕಪತ್ರ ತೆರೆದರೆ ಕಾರ್ಖಾನೆ ಲಾಭದಲ್ಲೇ ಇರುತ್ತದೆ. ಇಷ್ಟು ಸರಕು, ಇಷ್ಟು ಲಾಭ ಇದ್ದೂ ಕೈಯಲ್ಲಿ ಕಾಸಿಲ್ಲ ಎಂದರೆ ಯಾರಿಗೂ ನಂಬಿಕೆ ಹುಟ್ಟುವುದಿಲ್ಲ.

ಆದರೆ ಸುಳ್ಳು ಹೇಳದೆಯೂ ಹೀಗಾಗುತ್ತದೆ. ಕಬ್ಬು ನುರಿಸುವ ಕೆಲಸ ಚಳಿಗಾಲದ ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ. ಸಕ್ಕರೆ ಮಾರಾಟವಾಗುವುದು ವರ್ಷವಿಡೀ. ಯಾವ ತಿಂಗಳು ಎಷ್ಟು ಮಾರಬೇಕೆಂಬ ಮಿತಿಯನ್ನು ಕೇಂದ್ರ ಸರ್ಕಾರ 2018ರಿಂದ ಮತ್ತೆ ಗೊತ್ತುಪಡಿಸುತ್ತಿದೆ. ಕಬ್ಬಿನ ಹಣವನ್ನಂತೂ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನಗಳೊಳಗೆ ಕೊಡಬೇಕು, ತಪ್ಪಿದರೆ ಶೇ 15ರ ಬಡ್ಡಿ. ಹಣ ಹೋಗುವುದು ಬೇಗ, ಬರುವುದು ನಿಧಾನ.

ಲೆಕ್ಕ ಹಿಡಿಯಲು ಒಂದು ಕಲ್ಪಿತ ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ವರ್ಷದಲ್ಲಿ ಅದು 220 ಕೋಟಿ ರೂಪಾಯಿ ವೆಚ್ಚದಲ್ಲಿ ಸಕ್ಕರೆ ತಯಾರಿಸಿತು. ಇದರಲ್ಲಿ 5 ಕೋಟಿ ಯಂತ್ರಗಳ ಸವಕಳಿ, ಅಂದರೆ ಯಾರಿಗೂ ಎಣಿಸಿಕೊಡದ ಖರ್ಚು. ಉಳಿದ 215 ಕೋಟಿ ನಿಜವಾಗಿ ಕೈಬಿಟ್ಟ ಹಣ. ಮಾರಾಟದಿಂದ ಬಂದದ್ದು 200 ಕೋಟಿ. ಹಾಗಾದರೆ ಗಲ್ಲಾದಲ್ಲಿ 15 ಕೋಟಿ ಕೊರತೆ.

ಲಾಭ-ನಷ್ಟದ ಪಟ್ಟಿ ಹೇಳುವುದು ಬೇರೆ ಕಥೆ. ವರ್ಷದ ಮೊದಲ ದಿನ ಗೋದಾಮಿನಲ್ಲಿ 60 ಕೋಟಿಯ ಸಕ್ಕರೆ ಇತ್ತು, ಕೊನೆಯ ದಿನ 100 ಕೋಟಿಯದು ಇದೆ. ಹೆಚ್ಚಿದ 40 ಕೋಟಿಯ ಸಕ್ಕರೆ ಇನ್ನೂ ಮಾರಾಟವಾಗಿಲ್ಲ. ಆದ್ದರಿಂದ ಅದರ ವೆಚ್ಚ ಈ ವರ್ಷದ ಖರ್ಚಲ್ಲ, ಆಸ್ತಿ. 220ರಲ್ಲಿ 40 ಕಳೆದು 180 ಕೋಟಿಯನ್ನಷ್ಟೇ ಖರ್ಚೆಂದು ಬರೆಯುತ್ತಾರೆ. 200 ಕೋಟಿಯ ಮಾರಾಟಕ್ಕೆ 20 ಕೋಟಿ ಲಾಭ!

ಲಾಭದ ಈ 20 ಕೋಟಿಗೂ ಕೊರತೆಯ ಆ 15 ಕೋಟಿಗೂ ನಡುವಿನ ಸೇತುವೆಯೇ ನಗದು ಹರಿವಿನ ಪಟ್ಟಿ. ಅದು ಲಾಭದಿಂದಲೇ ಶುರುವಾಗುತ್ತದೆ. ತೆರಿಗೆಯನ್ನು ಪಕ್ಕಕ್ಕಿಟ್ಟು ನೋಡಿದರೆ: 20 ಕೋಟಿ ಲಾಭ, ಅದಕ್ಕೆ ಸವಕಳಿಯ 5 ಕೋಟಿ ಕೂಡಿ 25. ಮುಂದಿನ ಸಾಲು ‘ದಾಸ್ತಾನಿನಲ್ಲಿ ಹೆಚ್ಚಳ’, ಎದುರಿಗೆ ಕಂಸದೊಳಗೆ (40). ಕಂಸವೆಂದರೆ ಕಳೆಯುವುದು ಎಂದರ್ಥ. ಉಳಿದದ್ದು (15). ಆಸ್ತಿ ಬೆಳೆದಿದ್ದರೂ ಕಳೆಯುವುದೇಕೆ ಎಂದು ಹೊಸಬರು ತಬ್ಬಿಬ್ಬಾಗುವುದು ಈ ಸಾಲಿನಲ್ಲೇ. ಮೂಟೆ ಸೇರಿದ ಹಣ ಬ್ಯಾಂಕಿನ ಖಾತೆಯಲ್ಲಿ ಇರಲಾರದು, ಅಷ್ಟೇ.

ಕೊರತೆ ತುಂಬಲು ಕಾರ್ಖಾನೆ ಸಕ್ಕರೆಯನ್ನೇ ಅಡವಿಟ್ಟು ಬ್ಯಾಂಕಿನಿಂದ ಸಾಲ ತರುತ್ತದೆ. ಈ ಹಣ ಅದೇ ಪಟ್ಟಿಯ ಇನ್ನೊಂದು ಭಾಗದಲ್ಲಿ, ಹಣಕಾಸು ಚಟುವಟಿಕೆಗಳ ಕೆಳಗೆ ಕಾಣುತ್ತದೆ. ಇಲ್ಲವೇ ರೈತರ ಬಾಕಿ ಉಳಿಸಿಕೊಳ್ಳುತ್ತದೆ. ಓದುಗರು ಎಚ್ಚರವಾಗಿರಬೇಕಾದದ್ದು ಇಲ್ಲೇ. ಕೊಡಬೇಕಾದ ಬಾಕಿ 25 ಕೋಟಿ ಹೆಚ್ಚಿತೆನ್ನಿ, ಪಟ್ಟಿಯಲ್ಲಿ ಅದು ಕೂಡುವ ಅಂಕಿ. ಕಳೆ 15 ಇದ್ದದ್ದು ಕೂಡು 10 ಆಗಿಬಿಡುತ್ತದೆ. ಕೊನೆಯ ಮೊತ್ತವನ್ನಷ್ಟೇ ನೋಡಿದವರಿಗೆ ವ್ಯವಹಾರದಿಂದ 10 ಕೋಟಿ ನಗದು ಬಂದಂತೆ ಕಾಣುತ್ತದೆ. ಅದು ರೈತರಿಗೆ ಸೇರಬೇಕಾಗಿದ್ದ ಹಣ.

ಈ ಪಾಡು ಸಕ್ಕರೆಯವರದಷ್ಟೇ ಅಲ್ಲ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಳಿಗೆಗಳಿದ್ದ ಡಬ್ಲ್ಯು.ಟಿ. ಗ್ರಾಂಟ್ ಕಂಪನಿ 1975ರ ಅಕ್ಟೋಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಎರಡು ವರ್ಷ ಹಿಂದಿನವರೆಗೂ ಅದು ಲಾಭ ತೋರಿಸುತ್ತಿತ್ತು. ಆದರೆ ಅದರ ಹಿಂದಿನ ಒಂದು ದಶಕದ ಬಹುಪಾಲು ವರ್ಷಗಳಲ್ಲಿ ವ್ಯಾಪಾರ ನಗದು ತರುವ ಬದಲು ನುಂಗುತ್ತಿತ್ತು. ಹಣವೆಲ್ಲ ಮಳಿಗೆಯ ಸರಕಿನಲ್ಲಿ, ಗಿರಾಕಿಗಳಿಗೆ ಕೊಟ್ಟ ಉದ್ದರಿಯಲ್ಲಿ ಸಿಕ್ಕಿಕೊಂಡಿತ್ತು.

ದಾಸ್ತಾನು ಏರಿದ್ದೆಲ್ಲ ರೋಗವಲ್ಲ. ಮಾರ್ಚ್ 31ಕ್ಕೆ ಸಕ್ಕರೆ ಕಾರ್ಖಾನೆಯ ಗೋದಾಮು ತುಂಬಿರುವುದೇ ಸಹಜ. ಹಂಗಾಮು ಹಿಂದಿನ ವರ್ಷಕ್ಕಿಂತ ದೊಡ್ಡದಾಗಿದ್ದರೆ ಕಂಸದ ಅಂಕಿಯೂ ದೊಡ್ಡದಾಗುತ್ತದೆ. ಮಾರಾಟವೂ ಅದೇ ವೇಗದಲ್ಲಿ ಬೆಳೆದಿದೆಯೇ ಎಂದು ಮೊದಲು ನೋಡಬೇಕು. ಷೇರುಪೇಟೆಯಲ್ಲಿರುವ ಕಂಪನಿಗಳು ಸೆಪ್ಟೆಂಬರ್ 30ರ ಲೆಕ್ಕವನ್ನೂ ಪ್ರಕಟಿಸುತ್ತವೆ. ಆ ಹೊತ್ತಿಗೆ ದಾಸ್ತಾನು, ಅಡವಿನ ಸಾಲ, ಕಬ್ಬಿನ ಬಾಕಿ ಮೂರೂ ಒಟ್ಟಿಗೆ ಇಳಿದಿದ್ದರೆ ಮಾರ್ಚಿನ ಕೊರತೆ ಹಂಗಾಮಿನದು. ದಾಸ್ತಾನು ಇಳಿದೂ ಬಾಕಿ ಹಾಗೇ ಉಳಿದಿದ್ದರೆ, ಸಕ್ಕರೆ ಮಾರಿ ಬಂದ ಹಣ ಎತ್ತ ಹೋಯಿತೆಂದು ಅದೇ ಪಟ್ಟಿಯ ಮುಂದಿನ ಸಾಲುಗಳಲ್ಲಿ ಹುಡುಕಬೇಕಾಗುತ್ತದೆ.