ಬೆಳೆಯ ಅಂದಾಜು ಮತ್ತು ಸ್ತರೀಕೃತ ಮಾದರಿ

ಬೀದರ ಜಿಲ್ಲೆಯ ಉತ್ತರ ಭಾಗದಲ್ಲಿ, ಔರಾದ ಸೀಮೆಗೆ ಸೇರಿದ ಡಾಬಕಾ ಗ್ರಾಮವಿದೆ. ಅಲ್ಲಿನ ರೈತನಿಗೆ ತನ್ನ ಹೊಲದ ತೊಗರಿ ಈ ವರ್ಷ ಎಷ್ಟು ಕ್ವಿಂಟಲ್ ಇಳಿಯಿತೆಂಬುದು ರಾಶಿಯ ದಿನವೇ ಗೊತ್ತಾಗುತ್ತದೆ. ಆದರೆ ಇಡೀ ಜಿಲ್ಲೆಯ ಹೊಲಗಳು ಹೆಕ್ಟೇರಿಗೆ ಸರಾಸರಿ ಎಷ್ಟು ಕೊಟ್ಟವೆಂಬುದನ್ನು ಯಾರೂ ಅಳೆದು ನೋಡಲಾರರು. ಸಾವಿರಾರು ಹೊಲಗಳ ರಾಶಿಯನ್ನು ತೂಗಿಸುವಷ್ಟು ಸಿಬ್ಬಂದಿಯೂ ಇಲ್ಲ, ಸಮಯವೂ ಇಲ್ಲ. ಆದರೂ ಆ ಸರಾಸರಿ ಬೇಕೇ ಬೇಕು. ಧಾನ್ಯದ ಖರೀದಿ, ಬರಗಾಲದ ಪರಿಹಾರ, ಬೆಳೆವಿಮೆ ಇವೆಲ್ಲವೂ ಅಂತಹ ಅಂಕಿಯನ್ನೇ ಅವಲಂಬಿಸಿವೆ.

ಹಿಂದಿನ ಕಾಲದಲ್ಲಿ ಈ ಕೆಲಸ ಕಣ್ಣಳತೆಯಿಂದ ನಡೆಯುತ್ತಿತ್ತು. ಗ್ರಾಮದ ಲೆಕ್ಕಿಗನು ಬೆಳೆಯನ್ನು ನೋಡಿ, ಇದು ಹನ್ನೆರಡಾಣೆ ಬೆಳೆ, ಇದು ಎಂಟಾಣೆ ಬೆಳೆ ಎಂದು ಬರೆದಿಡುತ್ತಿದ್ದನು. ಇದೇ ಆಣೆವಾರಿ ಪದ್ಧತಿ. ಹದಿನಾರಾಣೆ ಎಂದರೆ ಪೂರ್ಣ ಬೆಳೆ. ನೋಡುವವನ ಅನುಭವ ಎಷ್ಟೇ ದೊಡ್ಡದಿರಲಿ, ಅವನ ತೀರ್ಪಿನಲ್ಲಿ ತಪ್ಪೆಷ್ಟಿದೆ ಎಂದು ಲೆಕ್ಕ ಹಾಕುವ ಉಪಾಯವು ಈ ಪದ್ಧತಿಯಲ್ಲಿ ಇರಲಿಲ್ಲ. ಅದರ ನಿಜವಾದ ಕೊರತೆ ಅದೇ. ಕಣ್ಣಿಗೆ ಬದಲಾಗಿ ಕುಡುಗೋಲು ಮತ್ತು ತಕ್ಕಡಿಯನ್ನು ಇಟ್ಟ ಬೆಳೆ ಕಟಾವು ಪ್ರಯೋಗವನ್ನು 1940ರ ದಶಕದಲ್ಲಿ ನಮ್ಮ ದೇಶದಲ್ಲಿ ವ್ಯವಸ್ಥಿತವಾಗಿ ನೆಲೆಗೊಳಿಸಿದವರಲ್ಲಿ ಪಾಂಡುರಂಗ ವಾಸುದೇವ ಸುಖಾತ್ಮೆಯವರು ಪ್ರಮುಖರು.

ಈ ಪ್ರಯೋಗದ ಕ್ರಮ ಹೀಗಿದೆ. ಜಿಲ್ಲೆಯನ್ನು ಮೊದಲು ತಾಲ್ಲೂಕುಗಳಾಗಿ ಇಲ್ಲವೇ ಅಂತಹದೇ ಆಡಳಿತ ಘಟಕಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ತಾಲ್ಲೂಕಿನಲ್ಲಿ ಕೆಲವು ಗ್ರಾಮಗಳನ್ನು ಚೀಟಿ ಎತ್ತುವ ಹಾಗೆ, ಯಾದೃಚ್ಛಿಕ ಅಂಕಿಗಳ ನೆರವಿನಿಂದ ಆರಿಸುತ್ತಾರೆ. ಆರಿಸಿದ ಗ್ರಾಮದಲ್ಲಿ ಆ ಬೆಳೆಯಿರುವ ಸರ್ವೆ ನಂಬರುಗಳನ್ನು, ಸಾಮಾನ್ಯವಾಗಿ ಎರಡನ್ನು, ಅದೇ ರೀತಿ ಎತ್ತುತ್ತಾರೆ. ಹೊಲದೊಳಗೂ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಡ್ಡಕ್ಕೆ ಎಂದು ಅಂಕಿಗಳೇ ಜಾಗವನ್ನು ತೋರಿಸುತ್ತವೆ. ಅಲ್ಲಿ ಹಗ್ಗ ಹಿಡಿದು ಬೆಳೆಗೆ ತಕ್ಕಂತೆ ನಿಗದಿಯಾದ ಅಳತೆಯ ತುಂಡನ್ನು ಗುರುತಿಸಿ, ಕೊಯ್ದು, ಬಡಿದು, ತೂಗಿ, ಒಣಗಿದ ಮೇಲೆ ಉಳಿಯುವ ತೂಕವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಇಲ್ಲಿ ಮೊದಲನೆಯ ಹೆಜ್ಜೆಯೇ ವಿಚಾರಣೆಗೆ ಯೋಗ್ಯವಾದುದು. ಗ್ರಾಮಗಳನ್ನು ಹೇಗೂ ಚೀಟಿಯಿಂದಲೇ ಎತ್ತುವುದಾದರೆ, ಅದಕ್ಕೆ ಮುಂಚೆ ತಾಲ್ಲೂಕುಗಳಾಗಿ ವಿಂಗಡಿಸುವುದೇಕೆ? ಇಡೀ ಜಿಲ್ಲೆಯ ಗ್ರಾಮಗಳನ್ನು ಒಂದೇ ಗಡಿಗೆಯಲ್ಲಿ ಹಾಕಿ ಎತ್ತಿದರೆ ಸಾಲದೇ? ಸಾಲುತ್ತದೆ, ಅನ್ಯಾಯವೇನೂ ಆಗುವುದಿಲ್ಲ. ಆದರೆ ಒಂದೇ ಗಡಿಗೆಯಿಂದ ಎತ್ತುವಾಗ ಒಂದು ವರ್ಷ ಅದೃಷ್ಟವಶಾತ್ ಭಾಲ್ಕಿಯ ಕಡೆಯ ಗ್ರಾಮಗಳೇ ಹೆಚ್ಚಾಗಿ ಬಂದು, ಔರಾದದ ಗ್ರಾಮಗಳು ಕಡಿಮೆಯಾಗಬಹುದು. ಕಾರಂಜಾ ಜಲಾಶಯದ ನೀರು ಕಂಡ ನೆಲವೂ ಮಳೆಯನ್ನೇ ನಂಬಿದ ನೆಲವೂ ಒಂದೇ ಪ್ರಮಾಣದಲ್ಲಿ ಫಲ ಕೊಡುವುದಿಲ್ಲ. ಆಗ ಸರಾಸರಿ ಏರುವುದು ಬೆಳೆಯಿಂದಲ್ಲ, ಚೀಟಿಯಿಂದ. ಸಮಷ್ಟಿಯನ್ನು ಮೊದಲೇ ಪದರಗಳಾಗಿ, ಅಂದರೆ ಸ್ತರಗಳಾಗಿ ಬೇರ್ಪಡಿಸಿ, ಪ್ರತಿ ಸ್ತರದಿಂದ ಇಷ್ಟು ಎಂದು ನಿಶ್ಚಯಿಸಿ ಎತ್ತಿದರೆ ಈ ಬಗೆಯ ಏರುಪೇರಿಗೆ ಅವಕಾಶವೇ ಉಳಿಯುವುದಿಲ್ಲ. ಇದನ್ನೇ ಸ್ತರೀಕೃತ ಮಾದರಿ ಎನ್ನುವರು.

ಎಷ್ಟು ಲಾಭವಾಯಿತೆಂಬುದನ್ನು ಲೆಕ್ಕದಿಂದಲೇ ಕಾಣಬಹುದು. ಮುಂದಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು; ಯಾವ ವರ್ಷದ ದಾಖಲೆಯೂ ಅಲ್ಲ. ತೊಗರಿ ಬೆಳೆಯುವ ಒಂದು ಲಕ್ಷ ಹೆಕ್ಟೇರ್ ನೆಲದಲ್ಲಿ ಔರಾದದ ಪಾಲು ನೂರಕ್ಕೆ 50, ಭಾಲ್ಕಿಯದು 30, ಬೀದರ ತಾಲ್ಲೂಕಿನದು 20 ಎಂದಿಟ್ಟುಕೊಳ್ಳೋಣ. ಹೆಕ್ಟೇರಿಗೆ ಸರಾಸರಿ ಇಳುವರಿ ಕ್ರಮವಾಗಿ 6, 9 ಮತ್ತು 12 ಕ್ವಿಂಟಲ್. ಆಯಾ ತಾಲ್ಲೂಕಿನೊಳಗೆ ಹೊಲದಿಂದ ಹೊಲಕ್ಕೆ ಇರುವ ಅಂತರದ ಅಳತೆ, ಅಂದರೆ ಮಾನಕ ವಿಚಲನೆ, ಕ್ರಮವಾಗಿ 2, 3 ಮತ್ತು 4 ಕ್ವಿಂಟಲ್. ಬೀದರದ ಪ್ರಸ್ಥಭೂಮಿಯ ಮೇಲೆ ಕೆಂಪು ಜಂಬಿಟ್ಟಿಗೆ ಮಣ್ಣು, ಕೆಳಗೆ ಎರೆಮಣ್ಣು. ಆದ್ದರಿಂದ ಅಲ್ಲಿ ಹೊಲಗಳ ನಡುವಿನ ಅಂತರ ಹೆಚ್ಚೆಂದು ಊಹಿಸಿದೆ.

ಎಲ್ಲ ಹೊಲಗಳನ್ನೂ ಒಟ್ಟಿಗೆ ನೋಡಿದರೆ ಇಳುವರಿಯ ಚದುರುವಿಕೆಯ ವರ್ಗಮಾನ 13.39 ಆಗುತ್ತದೆ. ಇದರಲ್ಲಿ ಎರಡು ಭಾಗಗಳಿವೆ. ತಾಲ್ಲೂಕುಗಳ ಸರಾಸರಿಗಳು ಒಂದಕ್ಕೊಂದು ಬೇರೆಯಾಗಿರುವುದರಿಂದ ಬಂದದ್ದು 5.49, ತಾಲ್ಲೂಕಿನ ಒಳಗಿನ ಹೊಲಗಳ ವ್ಯತ್ಯಾಸದಿಂದ ಬಂದದ್ದು 7.90. ಸ್ತರವಿಭಜನೆಯು ಮೊದಲನೆಯ ಭಾಗವನ್ನು ದೋಷದಿಂದ ಪೂರ್ತಿಯಾಗಿ ತೆಗೆದುಹಾಕುತ್ತದೆ, ಎರಡನೆಯದನ್ನು ಮುಟ್ಟುವುದೂ ಇಲ್ಲ. ಹೊಲಗಳನ್ನು ಬಿಡಿಬಿಡಿಯಾಗಿ ಆರಿಸಿದ 44 ಪ್ರಯೋಗಗಳನ್ನು ತಾಲ್ಲೂಕಿನ ಪಾಲಿಗನುಗುಣವಾಗಿ 22, 13, 9 ಎಂದು ಹಂಚಿದರೆ ಜಿಲ್ಲೆಯ ಸರಾಸರಿಯ ಮಾನಕ ದೋಷ ಸುಮಾರು 0.42 ಕ್ವಿಂಟಲ್. ಒಂದೇ ಗಡಿಗೆಯಿಂದ ಎತ್ತಿದ್ದರೆ ಅದು 0.55 ಆಗುತ್ತಿತ್ತು, 0.42ಕ್ಕೆ ಇಳಿಸಲು ಸುಮಾರು 75 ಪ್ರಯೋಗಗಳು ಬೇಕಾಗುತ್ತಿದ್ದವು. ಮೂವತ್ತು ಹೊಲಗಳ ಕೊಯ್ಲಿನ ಶ್ರಮ ಕೇವಲ ಒಂದು ಪಟ್ಟಿಯನ್ನು ಮೂರಾಗಿ ಹರಿದುದರಿಂದ ಉಳಿಯಿತು. ತಾಲ್ಲೂಕುಗಳ ಸರಾಸರಿಗಳು ಮೂರೂ ಒಂದೇ ಆಗಿದ್ದಿದ್ದರೆ ಈ ಉಳಿತಾಯ ಶೂನ್ಯವಾಗುತ್ತಿತ್ತು. ಹೆಸರಿನಿಂದ ಬೇರೆಯಾದ ಸ್ತರಗಳು ಪ್ರಯೋಜನಕ್ಕೆ ಬಾರವು; ಅಳೆಯುವ ವಸ್ತುವಿನಲ್ಲಿಯೇ ಅವು ಬೇರೆಯಾಗಿರಬೇಕು.

ವಿಂಗಡಿಸಿದ್ದನ್ನು ಮತ್ತೆ ಕೂಡಿಸುವಾಗಲೂ ಎಚ್ಚರ ಬೇಕು. ಅನುಕೂಲಕ್ಕಾಗಿ ಪ್ರತಿ ತಾಲ್ಲೂಕಿನಲ್ಲಿಯೂ ಸಮನಾಗಿ ಹತ್ತು ಹತ್ತು ಹೊಲಗಳನ್ನು ಕೊಯ್ದರೆಂದು ತಿಳಿಯೋಣ. ಮೂವತ್ತೂ ತೂಕಗಳನ್ನು ಕೂಡಿಸಿ ಮೂವತ್ತರಿಂದ ಭಾಗಿಸಿದರೆ 9 ಕ್ವಿಂಟಲ್ ಬರುತ್ತದೆ. ಆದರೆ ಪ್ರತಿ ತಾಲ್ಲೂಕಿನ ಸರಾಸರಿಯನ್ನು ಅದರ ನೆಲದ ಪಾಲಿನಿಂದ ಗುಣಿಸಿ ಕೂಡಿಸಿದರೆ 3.0, 2.7 ಮತ್ತು 2.4 ಸೇರಿ 8.1 ಮಾತ್ರ. ಸರಿಯಾದುದು ಎರಡನೆಯದು. ಅರ್ಧ ನೆಲವನ್ನು ಹೊಂದಿದ ಔರಾದಕ್ಕೆ ಮೊದಲನೆಯ ಲೆಕ್ಕದಲ್ಲಿ ಮೂರನೆಯ ಒಂದು ಪಾಲಿನ ಮಾತು ಮಾತ್ರ ಸಿಕ್ಕಿತು. ಒಂದು ಲಕ್ಷ ಹೆಕ್ಟೇರಿಗೆ ಈ ತಪ್ಪು 90,000 ಕ್ವಿಂಟಲ್ ಇಲ್ಲದ ತೊಗರಿಯನ್ನು ಕಾಗದದ ಮೇಲೆ ಬೆಳೆಯುತ್ತದೆ. ಹೊಲದಲ್ಲಿ ಎಲ್ಲರೂ ಪ್ರಾಮಾಣಿಕವಾಗಿ ದುಡಿದ ಮೇಲೂ ಕಚೇರಿಯ ಮೇಜಿನ ಮೇಲೆ ಆಗಬಹುದಾದ ತಪ್ಪಿದು.

ಪ್ರತಿ ಸ್ತರಕ್ಕೆ ಎಷ್ಟು ಪ್ರಯೋಗ ಎಂಬ ಪ್ರಶ್ನೆಯನ್ನು ಪೋಲೆಂಡಿನಲ್ಲಿ ಬೆಳಕಿಗೆ ಬಂದ ಗಣಿತಜ್ಞ ಯೆರ್ಜಿ ನೇಮನ್ 1934ರಲ್ಲಿ ಲಂಡನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಬಿಡಿಸಿದರು. ದೊಡ್ಡ ಸ್ತರಕ್ಕೆ ಹೆಚ್ಚು ಕೊಡಬೇಕೆಂಬುದು ಸಹಜ. ಒಳಗೆ ವ್ಯತ್ಯಾಸ ಹೆಚ್ಚಿರುವ ಸ್ತರಕ್ಕೂ ಹೆಚ್ಚು ಕೊಡಬೇಕೆಂಬುದು ಅವರ ಉತ್ತರ. ರಷ್ಯದ ಚುಪ್ರೋವ್ ಇದನ್ನೇ 1923ರಲ್ಲಿ ಕಂಡುಕೊಂಡಿದ್ದರೆಂಬುದು ಆಮೇಲೆ ತಿಳಿದುಬಂತು. ಮೇಲಿನ ಉದಾಹರಣೆಗೆ ಈ ಸೂತ್ರವನ್ನು ಅನ್ವಯಿಸಿದರೆ ಹಂಚಿಕೆ 16, 15, 13 ಆಗುತ್ತದೆ. ಲಾಭವಾದರೋ ನಾಲ್ಕು ಪ್ರಯೋಗಗಳಷ್ಟು ಮಾತ್ರ. ವಿಭಜನೆಯಿಂದ ಬಂದ ಮೂವತ್ತರ ಮುಂದೆ ಇದು ಅಲ್ಪ. ಅಲ್ಲದೆ ಒಳಗಿನ ವ್ಯತ್ಯಾಸ ಎಷ್ಟೆಂದು ಕೊಯ್ಲಿಗೆ ಮುಂಚೆಯೇ ಗೊತ್ತಿರಬೇಕಲ್ಲವೇ? ಲಂಡನ್ನಿನಲ್ಲಿ ನೇಮನ್ನರ ಬಳಿ ಕಲಿತ ಸುಖಾತ್ಮೆಯವರು 1935ರಲ್ಲಿ ಎತ್ತಿಕೊಂಡ ಪ್ರಶ್ನೆ ಇದೇ: ಮೊದಲು ಒಂದು ಸಣ್ಣ ಮಾದರಿಯಿಂದ ಆ ವ್ಯತ್ಯಾಸವನ್ನು ಅಂದಾಜು ಮಾಡಿಕೊಂಡು ಹಂಚಿದರೆ ಹೇಗಾದೀತು ಎಂಬುದು. ವ್ಯತ್ಯಾಸಗಳು ಸ್ತರದಿಂದ ಸ್ತರಕ್ಕೆ ಬಹಳ ಬೇರೆಯಾಗಿಲ್ಲದಿದ್ದರೆ ನೆಲದ ಪಾಲಿಗನುಗುಣವಾದ ಹಂಚಿಕೆಯೇ ಕ್ಷೇಮ.

ಕಾಗದದ ಮೇಲಿನ ಈ ಏರ್ಪಾಡನ್ನು ಕೆಡಿಸುವ ಸಂಗತಿಗಳು ಹೊಲದಲ್ಲಿವೆ. ಅಂಕಿ ತೋರಿಸಿದ ಜಾಗದಲ್ಲಿ ಬೆಳೆ ತೆಳುವಾಗಿದ್ದರೆ ನಾಲ್ಕು ಹೆಜ್ಜೆ ಆಚೆ ಹಗ್ಗ ಹಿಡಿಯುವ ಆಸೆ ಹುಟ್ಟುತ್ತದೆ. ಪರಿಹಾರದ ಮಾತಿದ್ದರೆ ಆಸೆ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಕೊಯ್ಯುವ ತುಂಡು ತೀರ ಚಿಕ್ಕದಾದರೆ ಅಂಚಿನ ಮೇಲಿರುವ ಗಿಡಗಳನ್ನು ಒಳಕ್ಕೆ ಸೇರಿಸಿಕೊಳ್ಳುವ ಪ್ರವೃತ್ತಿಯಿಂದ ಇಳುವರಿ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆಂಬುದನ್ನು ಸುಖಾತ್ಮೆಯವರು ಪ್ರಯೋಗಗಳಿಂದಲೇ ತೋರಿಸಿಕೊಟ್ಟರು. ಹೊಲಕ್ಕೆ ಹೋಗದೆ ಬರೆದ ತೂಕಗಳಿಗೂ ಒಂದು ಗುರುತಿದೆ. ಅವು ಒಂದೇ ಸ್ತರದೊಳಗೆ ಅತಿಯಾಗಿ ಹೋಲುತ್ತವೆ. ನಿಜವಾದ ಹೊಲಗಳು ಅಷ್ಟು ಒಪ್ಪವಾಗಿರುವುದಿಲ್ಲ. ಒಂದು ತಾಲ್ಲೂಕಿನ ಮಾನಕ ವಿಚಲನೆ ಹಿಂದಿನ ವರ್ಷಗಳಿಗಿಂತ ಹಠಾತ್ತನೆ ಕುಗ್ಗಿದರೆ ಸಂತೋಷಪಡುವ ಬದಲು ಆ ಹೊಲಗಳಿಗೆ ಮತ್ತೊಮ್ಮೆ ಹೋಗಿ ವಿಚಾರಿಸುವುದು ಉಚಿತ.

ಇಷ್ಟೆಲ್ಲ ಸರಿಯಾಗಿ ನಡೆದರೂ ಜಿಲ್ಲೆಗೆಂದು ರಚಿಸಿದ ಮಾದರಿ ಡಾಬಕಾದ ವಿಷಯದಲ್ಲಿ ಏನನ್ನೂ ಹೇಳಲಾರದು. ಔರಾದದ ಪಾಲಿನ 22 ಪ್ರಯೋಗಗಳಲ್ಲಿ ಆ ಗ್ರಾಮಕ್ಕೆ ಎರಡು ಬರಬಹುದು, ಒಂದೂ ಬಾರದಿರಬಹುದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಅಥವಾ ಗ್ರಾಮ ಪಂಚಾಯಿತಿಯನ್ನೇ ಘಟಕವಾಗಿ ಹಿಡಿದು, ಪ್ರತಿ ಘಟಕಕ್ಕೂ ಕನಿಷ್ಠ ನಾಲ್ಕು ಪ್ರಯೋಗಗಳನ್ನು ವಿಧಿಸಿದ್ದು ಈ ಕಾರಣಕ್ಕಾಗಿ. ಇಳುವರಿಯ ಕೊರತೆಗೆ ಪರಿಹಾರ ಕೊಡುವಾಗ ಅಲ್ಲಿ ರೈತನ ಸ್ವಂತ ಹೊಲದ ನಷ್ಟವನ್ನು ನೋಡುವುದಿಲ್ಲ; ಘಟಕದ ಸರಾಸರಿ ಇಳುವರಿಯು ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯಿಂದ ನಿರ್ಣಯಿಸಿದ ಹೊಸ್ತಿಲ ಇಳುವರಿಗಿಂತ ಎಷ್ಟು ಕಡಿಮೆಯೋ ಅಷ್ಟರ ಪ್ರಮಾಣದಲ್ಲಿ ಎಲ್ಲರಿಗೂ ಪರಿಹಾರ.

ನಾಲ್ಕು ಹೊಲಗಳ ಬಲವೆಷ್ಟು? ಪಂಚಾಯಿತಿಯೊಳಗೆ ಮಾನಕ ವಿಚಲನೆ 3 ಕ್ವಿಂಟಲ್ ಇದ್ದರೆ ನಾಲ್ಕರ ಸರಾಸರಿಯ ಮಾನಕ ದೋಷ 1.5 ಕ್ವಿಂಟಲ್. ಹೊಸ್ತಿಲು 8 ಎಂದೂ ನಿಜವಾದ ಇಳುವರಿಯೂ 8 ಎಂದೂ, ಹೆಕ್ಟೇರಿಗೆ ವಿಮೆಯ ಮೊತ್ತ 40,000 ರೂಪಾಯಿ ಎಂದೂ ಭಾವಿಸೋಣ. ಚೀಟಿಯಲ್ಲಿ ಬಂದ ನಾಲ್ಕು ಹೊಲಗಳು ತುಸು ಬಡವಾಗಿ 6.5 ಬಂದರೆ ಹೆಕ್ಟೇರಿಗೆ 7,500 ರೂಪಾಯಿ ಸಿಗುತ್ತದೆ; ತುಸು ಸಿರಿವಂತವಾಗಿ 9.5 ಬಂದರೆ ಏನೂ ಇಲ್ಲ. ಎರಡೂ ಸಂದರ್ಭಗಳಲ್ಲಿ ಊರಿನ ಬೆಳೆ ಒಂದೇ. ಪಕ್ಕದ ಪಂಚಾಯಿತಿಗೆ ಹಣ ಬಂದು ತಮಗೆ ಬಾರದಿದ್ದಾಗ ರೈತರು ಮೋಸವನ್ನು ಶಂಕಿಸುತ್ತಾರೆ. ಎಷ್ಟೋ ಸಲ ಅಲ್ಲಿ ಮೋಸವಿರದೆ ನಾಲ್ಕೆಂಬ ಸಣ್ಣ ಸಂಖ್ಯೆಯೇ ಕಾರಣವಾಗಿರಬಹುದು. ಈ ದೋಷವನ್ನು ಅರ್ಧಕ್ಕಿಳಿಸಲು ನಾಲ್ಕು ಹೊಲಗಳನ್ನು ಎಂಟು ಮಾಡಿದರೆ ಸಾಲದು, ಹದಿನಾರು ಮಾಡಬೇಕು. ಅಷ್ಟು ಕೊಯ್ಲನ್ನು ಒಂದೇ ಪಕ್ಷದಲ್ಲಿ ಮುಗಿಸುವುದು ಕಷ್ಟ. ಏಕೆಂದರೆ ತೊಗರಿ ಎಲ್ಲೆಡೆಯೂ ಬಹುತೇಕ ಒಮ್ಮೆಗೇ ಮಾಗುತ್ತದೆ. ಪಂಚಾಯಿತಿಯೊಳಗೆ ನೀರಾವರಿಯ ಹೊಲ ಮತ್ತು ಒಣಬೇಸಾಯದ ಹೊಲ ಎಂದು ಮತ್ತೆ ಎರಡು ಸ್ತರ ಮಾಡಿ ಎರಡೆರಡು ಎತ್ತಿದರೆ ಸ್ವಲ್ಪ ಲಾಭವುಂಟು. ಆದರೆ ಎರಡರ ಪಾಲೂ ಎಷ್ಟೆಂದು ಸರಿಯಾಗಿ ತಿಳಿದಿರಬೇಕು. ಪಹಣಿಯಲ್ಲಿ ನಮೂದಾದ ಬೆಳೆಯೇ ಹೊಲದಲ್ಲಿಯೂ ಇರಬೇಕು.

ಇನ್ನೊಂದು ತೊಡಕು ಆಡಳಿತದಿಂದ ಬರುತ್ತದೆ. ಬೀದರ ಜಿಲ್ಲೆಯಲ್ಲಿ ಹಿಂದೆ ಐದು ತಾಲ್ಲೂಕುಗಳಿದ್ದವು. ಕಮಲನಗರ, ಹುಲಸೂರ, ಚಿಟಗುಪ್ಪಾ ಸೇರಿ ಅವು ಎಂಟಾಗಿವೆ. ತಾಲ್ಲೂಕನ್ನೇ ಸ್ತರವಾಗಿ ಹಿಡಿಯುವ ಕ್ರಮದಲ್ಲಿ ಗಡಿ ಬದಲಾದಾಗ ಸ್ತರದ ಹೆಸರು ಉಳಿದರೂ ಅದರೊಳಗಿನ ನೆಲ ಬೇರೆಯಾಗುತ್ತದೆ. ವಿಭಜನೆಗೆ ಹಿಂದಿನ ಔರಾದದ ಇಳುವರಿಯನ್ನು ಇಂದಿನ ಔರಾದದ ಇಳುವರಿಯ ಪಕ್ಕದಲ್ಲಿಟ್ಟು ನೋಡಬೇಕಾದವನು ಮೊದಲು ಹಳೆಯ ದಾಖಲೆಗಳಲ್ಲಿ ಗ್ರಾಮಗಳ ಪಟ್ಟಿಯನ್ನು ಹುಡುಕಿ, ಯಾವ ಗ್ರಾಮ ಈಗ ಯಾವ ತಾಲ್ಲೂಕಿನಲ್ಲಿದೆ ಎಂದು ಒಂದೊಂದಾಗಿ ಗುರುತಿಸಿ, ಹಳೆಯ ತೂಕಗಳನ್ನು ಹೊಸ ಗಡಿಗಳಿಗೆ ಮತ್ತೆ ಹಂಚಿಕೊಳ್ಳಬೇಕಾಗುತ್ತದೆ.