ಟಾರ್ಚ್ ಒಂದೇ ಎಳೆತಕ್ಕೆ ಸಿಗಲಿ

ಕರೆಂಟ್ ಹೋಯ್ತು, ಟಾರ್ಚ್ ಬೇಕು. ಫೋನಿನ ಪರದೆ ಕೆಳಕ್ಕೆ ಎಳೆದ್ರೆ ಕಣ್ಣಿಗೆ ಬೀಳೋದು ಏರೋಪ್ಲೇನ್ ಮೋಡ್! ನಾವು ವಿಮಾನ ಹತ್ತೋದು ವರ್ಷಕ್ಕೆ ಎಷ್ಟು ಸಲ?

ಪಿಕ್ಸೆಲ್ ಫೋನಿನ ಆಂಡ್ರಾಯ್ಡ್ 14ರಲ್ಲಿ ಒಂದು ಸಲ ಕೆಳಕ್ಕೆ ಎಳೆದರೆ ಕಾಣೋದು ಮೊದಲ ನಾಲ್ಕು ಬಟನ್ ಮಾತ್ರ. ಉಳಿದವಕ್ಕೆ ಇನ್ನೊಮ್ಮೆ ಎಳೀಬೇಕು.

ಹಾಗೇ ಎರಡು ಸಲ ಎಳೆದು, ಕೆಳಗಿರೋ ಪೆನ್ಸಿಲ್ ಗುರುತು ಒತ್ತಿ. ಫ್ಲ್ಯಾಶ್‌ಲೈಟ್ ಬಟನ್ ಒತ್ತಿ ಹಿಡಿದು ಮೊದಲ ನಾಲ್ಕರೊಳಗೆ ತಂದು ಬಿಡಿ. ಹಾಟ್‌ಸ್ಪಾಟ್ ಬಟನ್ ಕೂಡ ಬೇಕು, ಆದ್ರೆ ಕಾಣ್ತಿಲ್ವಾ? ಇನ್ನೂ ಕೆಳಗೆ ಹೋಗಿ, ಹೊರಗುಳಿದ ಬಟನ್‌ಗಳೆಲ್ಲ ಅಲ್ಲೇ ಇರ್ತವೆ. ಅದನ್ನೂ ಮೇಲಕ್ಕೆ ಎಳೆದು ತನ್ನಿ. ಬಾಣದ ಗುರುತು ಒತ್ತಿ ಹೊರಗೆ ಬನ್ನಿ.

ಟಾರ್ಚ್ ಬಟನ್ ಮಂಕಾಗಿ, ಒತ್ತಿದ್ರೂ ಹತ್ತದಿದ್ರೆ ಕೆಟ್ಟಿದೆ ಅನ್ಕೋಬೇಡಿ. ಕ್ಯಾಮೆರಾ ತೆರೆದೇ ಇರಬಹುದು. ಮುಚ್ಚಿ ನೋಡಿ.